ಅಂಗಡಿಯಲ್ಲಿ ಒಪ್ಪಿದ ಫೌಂಡೇಶನ್ ಅಂಗಳಕ್ಕೆ ಬಂದರೆ ಬೂದಿಯಾಗುವುದೇಕೆ?

ಪ್ರಶ್ನೆ: ಮೇಡಂ, ನನ್ನದು ಎಣ್ಣೆಗೆಂಪು ಮೈಬಣ್ಣ, ಬಿಸಿಲಿಗೆ ಬೇಗ ಕಪ್ಪಾಗುತ್ತೆ. ತುಮಕೂರಿನ ಬಿ.ಎಚ್. ರಸ್ತೆಯ ಒಂದು ಫ್ಯಾನ್ಸಿ ಸ್ಟೋರ್‌ನಲ್ಲಿ ಮಣಿಕಟ್ಟಿನ ಮೇಲೆ ಹಚ್ಚಿ ನೋಡಿ ಫೌಂಡೇಶನ್ ತಂದೆ. ಅಂಗಡಿಯಲ್ಲಿ ಚೆನ್ನಾಗೇ ಕಾಣ್ತಿತ್ತು. ಮನೆ ಹೊರಗೆ ಬಂದ್ರೆ ಮುಖಕ್ಕೆ ಬೂದಿ ಬಳಿದಂಗೆ ಕಾಣುತ್ತೆ, ಕತ್ತೇ ಬೇರೆ ಬಣ್ಣ. ಬಾಟಲಿ ಮೇಲೆ "ವಾರ್ಮ್" ಅಂತಲೇ ಇದೆ. ಮುಂದಿನ ತಿಂಗಳು ತಂಗಿ ಮದುವೆ. ಹಗಲು ಬೆಳಕಲ್ಲಿ ಸರಿಯಾದ ಶೇಡ್ ಹಿಡಿಯೋದು ಹೇಗೆ? ಇರೋ ಬಾಟಲಿ ಎಸೀಬೇಕಾ?

ಉತ್ತರ: ಎಸೆಯಬೇಡಿ, ಆ ಬಾಟಲಿಗೆ ಇನ್ನೂ ಕೆಲಸವಿದೆ. ಅದನ್ನು ಕೊನೆಗೆ ಹೇಳುತ್ತೇನೆ. ಮೊದಲು ಎಡವಿದ್ದು ಎಲ್ಲಿ ಎಂದು ನೋಡೋಣ.

ಶೇಡ್ ಎಂಬ ಒಂದೇ ಮಾತಿನಲ್ಲಿ ಎರಡು ಸಂಗತಿಗಳು ಸೇರಿಕೊಂಡಿವೆ. ಒಂದು ಗಾಢತೆ, ಅಂದರೆ ಬಣ್ಣ ಎಷ್ಟು ತಿಳಿ, ಎಷ್ಟು ದಟ್ಟ ಎಂಬುದು. ಇನ್ನೊಂದು ಅಂಡರ್‌ಟೋನ್, ಅಂದರೆ ಆ ಬಣ್ಣ ಹಳದಿಯ ಕಡೆ ವಾಲಿದೆಯೋ, ಕೆಂಪಿನ ಕಡೆಯೋ, ಗುಲಾಬಿಯ ಕಡೆಯೋ ಎಂಬುದು. ಅಂಗಡಿಯಲ್ಲಿ ಎಲ್ಲರೂ ಅಂಡರ್‌ಟೋನ್ ಬಗ್ಗೆಯೇ ಮಾತಾಡುತ್ತಾರೆ. ಆದರೆ ನಮ್ಮ ಕಡೆಯ ಎಣ್ಣೆಗೆಂಪು, ನಸುಗಪ್ಪು ಮೈಬಣ್ಣದವರಿಗೆ ಮುಖ ಬೂದಿಯಾಗುವುದು ಹೆಚ್ಚಾಗಿ ಗಾಢತೆ ತಪ್ಪಿದ್ದರಿಂದ. ಮಣಿಕಟ್ಟಿನ ಒಳಭಾಗಕ್ಕೆ ಬಿಸಿಲು ತಾಗುವುದು ಕಡಿಮೆ, ಆದ್ದರಿಂದ ಅದು ಮುಖಕ್ಕಿಂತ ತಿಳಿಯಾಗಿಯೇ ಇರುತ್ತದೆ. ಅಲ್ಲಿ ಹೊಂದಿದ ಫೌಂಡೇಶನ್ ಮುಖಕ್ಕೆ ಒಂದೆರಡು ಮೆಟ್ಟಿಲು ತಿಳಿಯಾಯಿತು ಎಂದೇ ಲೆಕ್ಕ. ಅಂಗೈ ಹಿಂಭಾಗವೂ ಬೇಡ. ಅದು ಬಿಸಿಲು, ಸೋಪು, ಕೆಲಸ ಎಲ್ಲವನ್ನೂ ಉಂಡ ಚರ್ಮ, ಹಲವರಿಗೆ ಮುಖಕ್ಕಿಂತ ಕಪ್ಪು.

ತಿಳಿಯಾದದ್ದು ಬೆಳ್ಳಗೆ ಕಾಣಬೇಕಲ್ಲ, ಬೂದಿ ಯಾಕೆ? ಹಣೆಗೆ ವಿಭೂತಿ ಹಚ್ಚಿದ್ದನ್ನು ನೆನೆಸಿಕೊಳ್ಳಿ. ಗಟ್ಟಿಯಲ್ಲಿ ಅದು ಬೆಳ್ಳಗಿರುತ್ತದೆ. ಕಪ್ಪು ಮೈಬಣ್ಣದ ಮೇಲೆ ತೆಳ್ಳಗೆ ಎಳೆದರೆ ಅದೇ ವಿಭೂತಿ ನೀಲಿ ಬೆರೆತ ಬೂದು ಬಣ್ಣಕ್ಕೆ ತಿರುಗುತ್ತದೆ. ಫೌಂಡೇಶನ್‌ನಲ್ಲೂ ಅದೇ ಆಗುವುದು. ಅದರ ಬಣ್ಣ ಮುಖ್ಯವಾಗಿ ನಾಲ್ಕು ಪುಡಿಗಳಿಂದ ಬರುತ್ತದೆ. ಬಿಳಿಯ ಟೈಟಾನಿಯಂ ಡೈಆಕ್ಸೈಡ್ ಒಂದು, ಉಳಿದ ಮೂರು ಹಳದಿ, ಕೆಂಪು, ಕಪ್ಪು ಐರನ್ ಆಕ್ಸೈಡ್‌ಗಳು. ಡಬ್ಬಿಯ ಹಿಂದೆ ಸಿ.ಐ. 77891 ಎಂದಿರುವುದೇ ಆ ಬಿಳಿ. 77492 ಹಳದಿ, 77491 ಕೆಂಪು, 77499 ಕಪ್ಪು. ಶೇಡ್ ತಿಳಿಯಾದಷ್ಟೂ ಬಿಳಿಯ ಪಾಲು ಹೆಚ್ಚು. ಆ ಬಿಳಿಯ ಸಣ್ಣ ಕಣಗಳು ಬೆಳಕಿನಲ್ಲಿರುವ ನೀಲಿಯನ್ನು ಹೆಚ್ಚಾಗಿ ಚದುರಿಸುತ್ತವೆ. ಕೆಳಗೆ ದಟ್ಟ ಚರ್ಮವಿದ್ದಾಗ ಆ ನೀಲಿಯೇ ಎದ್ದು ಕಾಣುತ್ತದೆ. ಚರ್ಮದ ಕಂದು ಮತ್ತು ಮೇಲಿನ ನೀಲಿಬಿಳಿ ಸೇರಿದರೆ ಬೂದಿ. ಹಾಗಾಗಿ ಬೂದಿ ಕಂಡಾಗ "ಇನ್ನಷ್ಟು ವಾರ್ಮ್ ಕೊಡಿ" ಎಂದು ಕೇಳುವುದಕ್ಕಿಂತ "ಒಂದು ಮೆಟ್ಟಿಲು ದಟ್ಟವಾದದ್ದು ಕೊಡಿ" ಎಂದು ಕೇಳಬೇಕು. ಇದೊಂದು ಮಾತು ತಲೆಯಲ್ಲಿಟ್ಟುಕೊಂಡರೆ ಅರ್ಧ ದುಡ್ಡು ಉಳಿಯುತ್ತದೆ.

ಇನ್ನು ಬಾಟಲಿ ಮೇಲಿನ "ವಾರ್ಮ್" ಎಂಬ ಪದ. ಅದಕ್ಕೆ ಎಲ್ಲ ಕಂಪನಿಗಳೂ ಒಪ್ಪಿದ ಅರ್ಥ ಇಲ್ಲ. ಕೆಲವರು ಚಿನ್ನದ ಹಳದಿಗೆ ವಾರ್ಮ್ ಎನ್ನುತ್ತಾರೆ, ಕೆಲವರು ಪೀಚ್ ಅಥವಾ ಕೆಂಪು ಬೆರೆತದ್ದಕ್ಕೆ. ಮ್ಯಾಕ್ ಕಂಪನಿಯಲ್ಲಂತೂ ಹೆಸರು ತಲೆಕೆಳಗಾಗಿದೆ. ಅವರ ಎನ್‌ಸಿ ಸಾಲಿನಲ್ಲಿ ಸಿ ಎಂದರೆ ಕೂಲ್, ಆದರೂ ಆ ಸಾಲು ಇರುವುದು ಹಳದಿ-ಚಿನ್ನದ ಚರ್ಮಕ್ಕೆ. ವಾರ್ಮ್ ಎಂದು ಓದಿಕೊಳ್ಳುವ ಎನ್‌ಡಬ್ಲ್ಯು ಸಾಲು ಗುಲಾಬಿ ಕಡೆಯದು. ಆದ್ದರಿಂದ ಹೆಸರನ್ನು ನಂಬಬೇಡಿ. ಒಂದು ಹನಿಯನ್ನು ಬಿಳಿ ಕಾಗದದ ಮೇಲೆ ಇಡಿ, ಪಕ್ಕದಲ್ಲೇ ಅಷ್ಟೇ ದಟ್ಟವಾದ ಇನ್ನೊಂದು ಶೇಡಿನ ಹನಿ ಇಡಿ. ಒಂಟಿಯಾಗಿ ನೋಡಿದಾಗ ಎಲ್ಲವೂ "ಕಂದು" ಅಷ್ಟೆ. ಜೋಡಿಯಾಗಿ ಇಟ್ಟ ಕೂಡಲೇ ಯಾವುದು ಹಳದಿ, ಯಾವುದು ಗುಲಾಬಿ ಎಂಬುದು ಕಣ್ಣಿಗೆ ಹೊಡೆಯುತ್ತದೆ.

ನಿಮ್ಮಂಥ ಮೈಬಣ್ಣಕ್ಕೆ ವಾರ್ಮ್ ಎಂದರೆ ಎರಡು ದಾರಿ. ಹೊಸ ಬೆಲ್ಲದಂತೆ ಹೊಂಬಣ್ಣದ ಕಡೆ ವಾಲಿದ್ದು ಒಂದು, ತಾಮ್ರದ ಚೊಂಬಿನಂತೆ ಕೆಂಪಿನ ಕಡೆ ವಾಲಿದ್ದು ಇನ್ನೊಂದು. ಹಳದಿಯ ಜೊತೆ ತುಸು ಹಸಿರಿನ ಛಾಯೆ ಇರುವ ಆಲಿವ್ ಚರ್ಮವೂ ನಮ್ಮಲ್ಲಿ ಕಡಿಮೆಯೇನಿಲ್ಲ. ಇದನ್ನು ಗುರುತಿಸಲು ಕೈನರ ನೋಡಿ, ಹಸಿರಾದರೆ ವಾರ್ಮ್ ಎಂಬ ಸಲಹೆ ಎಲ್ಲ ಕಡೆ ಸಿಗುತ್ತದೆ. ದಟ್ಟ ಚರ್ಮದಲ್ಲಿ ನರ ಕಾಣುವುದೇ ಕಷ್ಟ. ಕಂಡರೂ ಅದು ಚರ್ಮದೊಳಗೆ ಎಷ್ಟು ಆಳದಲ್ಲಿದೆ ಎಂಬುದರ ಮೇಲೂ ಬಣ್ಣ ಬದಲಾಗುತ್ತದೆ. ಚಿನ್ನ ಒಪ್ಪುತ್ತದೋ ಬೆಳ್ಳಿ ಒಪ್ಪುತ್ತದೋ ಎಂಬ ಪರೀಕ್ಷೆಯಂತೂ ನಮ್ಮ ಮನೆಗಳಲ್ಲಿ ನಡೆಯುವಂಥದ್ದಲ್ಲ, ಚಿನ್ನ ಒಪ್ಪುವುದಿಲ್ಲ ಎಂದು ಯಾರು ಹೇಳುತ್ತಾರೆ? ಅಂಡರ್‌ಟೋನ್ ತಿಳಿಯಲು ನೆಚ್ಚಬಹುದಾದ ದಾರಿ ಒಂದೇ. ಒಂದೇ ಗಾಢತೆಯ, ಬೇರೆ ಬೇರೆ ಛಾಯೆಯ ಗೆರೆಗಳನ್ನು ದವಡೆಯ ಮೇಲೆ ಎಳೆದು ಯಾವುದು ಕಣ್ಮರೆಯಾಗುತ್ತದೆ ಎಂದು ನೋಡುವುದು.

ಇದಕ್ಕೆ ಬೆಳಕು ಸರಿ ಇರಬೇಕು. ಅಂಗಡಿಯ ಎಲ್ಇಡಿ ಟ್ಯೂಬಿನ ಡಬ್ಬಿಯ ಮೇಲೆ "ಕೂಲ್ ಡೇಲೈಟ್, 6500 ಕೆ" ಎಂದಿದ್ದರೂ ಅದು ಹಗಲು ಬೆಳಕಲ್ಲ. ನೋಡಲು ಬಿಳಿ, ಆದರೆ ಸಾಮಾನ್ಯ ಎಲ್ಇಡಿಯಲ್ಲಿ ಗಾಢ ಕೆಂಪಿನ ಅಂಶ ತೀರ ಕಡಿಮೆ. ನಮ್ಮ ಚರ್ಮ ಹೆಚ್ಚಾಗಿ ಹಿಂದಿರುಗಿಸುವುದು ಆ ಕೆಂಪನ್ನೇ. ಅಲ್ಲಿ ಮುಖವೇ ಕಳೆಗುಂದಿರುವುದರಿಂದ ಅದರ ಮೇಲಿನ ಬೂದಿ ಎದ್ದು ಕಾಣುವುದಿಲ್ಲ. ಹಳದಿ ದೀಪದ ಅಂಗಡಿಯಲ್ಲಿ ಇದರ ಉಲ್ಟಾ, ಗುಲಾಬಿ ಶೇಡೂ ಹೊಂಬಣ್ಣವಾಗಿ ಕಂಡು ಮೋಸ ಮಾಡುತ್ತದೆ. ಚರ್ಮಕ್ಕೆ ಬಣ್ಣ ಕೊಡುವುದು ಮೆಲನಿನ್ ಮತ್ತು ರಕ್ತ, ಫೌಂಡೇಶನ್‌ಗೆ ಬಣ್ಣ ಕೊಡುವುದು ಐರನ್ ಆಕ್ಸೈಡ್. ಮೂಲವೇ ಬೇರೆಯಾದ್ದರಿಂದ ಒಂದು ಬೆಳಕಿನಲ್ಲಿ ಒಂದೇ ಎನಿಸಿದ ಎರಡು ಬಣ್ಣ ಇನ್ನೊಂದು ಬೆಳಕಿನಲ್ಲಿ ಬೇರೆಯಾಗಬಹುದು. ರವಿಕೆ ಬಟ್ಟೆ ಅಂಗಡಿಯಲ್ಲಿ ಸೀರೆಗೆ ಹೊಂದಿ, ಬೀದಿಗೆ ಬಂದಾಗ ಬೇರೆಯಾಗಿ ಕಾಣುವುದು ನಿಮಗೆ ಗೊತ್ತಿರುವ ವಿಷಯವೇ. ಬಟ್ಟೆ ಅಂಗಡಿಯಲ್ಲಿ ಥಾನು ಹಿಡಿದು ಬಾಗಿಲಿಗೆ ಬರುವ ಅಭ್ಯಾಸವನ್ನು ಇಲ್ಲಿಗೂ ತನ್ನಿ.

ಹಾಗೆಂದು ನಡು ಬಿಸಿಲಲ್ಲಿ ನಿಲ್ಲಬೇಡಿ. ನೇರ ಬಿಸಿಲು ಮುಖದ ಎಣ್ಣೆಯ ಮೇಲೆ ಹೊಳೆದು ಬಣ್ಣವನ್ನೇ ತೊಳೆದುಬಿಡುತ್ತದೆ. ಕಣ್ಣು ಕಿರಿದಾಗುತ್ತದೆ, ಮೂಗಿನ ಕೆಳಗೆ ಗಲ್ಲದ ಕೆಳಗೆ ಕಪ್ಪು ನೆರಳು ಬೀಳುತ್ತದೆ. ಬೆಳಿಗ್ಗೆ ಏಳರ ಮುಂಚಿನ ಮತ್ತು ಸಂಜೆ ಐದರ ನಂತರದ ಬೆಳಕು ಕೆಂಪು-ಹಳದಿ, ಅದರಲ್ಲಿ ಎಲ್ಲರೂ ವಾರ್ಮ್ ಆಗಿಯೇ ಕಾಣುತ್ತಾರೆ. ಹತ್ತರಿಂದ ಹನ್ನೊಂದೂವರೆ, ಇಲ್ಲವೇ ಮಧ್ಯಾಹ್ನ ಮೂರರಿಂದ ನಾಲ್ಕು ಒಳ್ಳೆಯ ಹೊತ್ತು. ಜಾಗ ಯಾವುದೆಂದರೆ ಜಗಲಿ, ಅಥವಾ ಬಾಗಿಲಿನಿಂದ ಎರಡು ಮೂರು ಅಡಿ ಒಳಗೆ. ಮುಖಕ್ಕೆ ಆಕಾಶದ ಬೆಳಕು ಬೀಳಬೇಕು, ಬಿಸಿಲು ಬೀಳಬಾರದು. ಉತ್ತರದ ಕಿಟಕಿ ಇದ್ದರೆ ಇನ್ನೂ ಒಳ್ಳೆಯದು, ಅಲ್ಲಿಗೆ ವರ್ಷದ ಹೆಚ್ಚು ಕಾಲ ನೇರ ಬಿಸಿಲು ಬರುವುದಿಲ್ಲ.

ಸುತ್ತಲಿನ ಬಣ್ಣವನ್ನೂ ನೋಡಿಕೊಳ್ಳಿ. ಹೊಂಗೆ ಮರದ ಕೆಳಗೆ ನಿಂತರೆ ಎಲೆಯ ಹಸಿರು ಮುಖದ ಮೇಲೆ ಬೀಳುತ್ತದೆ. ಕೆಮ್ಮಣ್ಣಿನ ಅಂಗಳಕ್ಕೆ ಬಿಸಿಲು ಬಿದ್ದಿದ್ದರೆ ದವಡೆಯ ಕೆಳಭಾಗಕ್ಕೆ ಕೆಂಪು ಹೊಳಪು ಬರುತ್ತದೆ, ನಾವು ನೋಡಬೇಕಾದದ್ದು ಸರಿಯಾಗಿ ಆ ಜಾಗವನ್ನೇ. ಗುಲಾಬಿ, ಹಸಿರು ಬಣ್ಣ ಬಳಿದ ಗೋಡೆಗೆ ಒತ್ತಿಕೊಂಡು ನಿಲ್ಲಬೇಡಿ. ಕೊರಳಿನ ಸುತ್ತ ಒಂದು ಬಿಳಿ ಟವೆಲ್ ಹೊದ್ದುಕೊಳ್ಳಿ. ಕೆಂಪು ನೈಟಿ ಹಾಕಿಕೊಂಡು ನೋಡಿದರೆ ಅದರ ಬಣ್ಣವೇ ಕತ್ತಿಗೆ ಬಡಿದಿರುತ್ತದೆ.

ಈಗ ಗೆರೆ ಎಳೆಯುವ ಕೆಲಸ. ಮುಖ ತೊಳೆದು, ಮದುವೆ ದಿನ ಹಚ್ಚುವ ಮಾಯಿಶ್ಚರೈಸರ್ ಮತ್ತು ಸನ್‌ಸ್ಕ್ರೀನ್ ಅನ್ನೇ ಹಚ್ಚಿ ಹತ್ತು ನಿಮಿಷ ಬಿಡಿ. ಸನ್‌ಸ್ಕ್ರೀನ್‌ನಲ್ಲಿ ಜಿಂಕ್ ಆಕ್ಸೈಡ್ ಅಥವಾ ಟೈಟಾನಿಯಂ ಡೈಆಕ್ಸೈಡ್ ಇದ್ದರೆ ಅದೇ ಒಂದು ಪದರ ಬಿಳಿ ಹಚ್ಚಿದಂತೆ. ಅನೇಕರು ಫೌಂಡೇಶನ್ ಮೇಲೆ ಹೊರಿಸುವ ದೂರು ನಿಜವಾಗಿ ಸನ್‌ಸ್ಕ್ರೀನ್‌ದಾಗಿರುತ್ತದೆ. ಹಚ್ಚಿ ಹತ್ತು ನಿಮಿಷಕ್ಕೇ ಮುಖ ಮಂಕಾದರೆ ಮೊದಲು ಅದನ್ನು ಬದಲಿಸಿ.

ಆಮೇಲೆ ಮೂರು ಶೇಡಿನ ಮೂರು ಗೆರೆ. ಪ್ರತಿಯೊಂದೂ ಕಿರುಬೆರಳಿನ ಅಗಲ, ಕೆನ್ನೆಯ ಕೆಳಭಾಗದಿಂದ ದವಡೆಯ ಮೂಳೆ ದಾಟಿ ಕತ್ತಿನವರೆಗೆ ಒಂದೂವರೆ ಇಂಚು ಉದ್ದ. ನಡುವೆ ಅರ್ಧ ಇಂಚು ಬರಿ ಚರ್ಮ ಬಿಡಿ, ಹೋಲಿಸಲು ಬೇಕಾದದ್ದು ಆ ಬರಿ ಚರ್ಮವೇ. ನಿತ್ಯ ಹಚ್ಚುವಷ್ಟೇ ತೆಳ್ಳಗಿರಲಿ, ಬೆರಳಿನಿಂದ ಮೆಲ್ಲಗೆ ತಟ್ಟಿ, ಉಜ್ಜಿ ಮಾಯ ಮಾಡಬೇಡಿ. ಉಜ್ಜಿದರೆ ಯಾವ ಶೇಡಾದರೂ ಹೊಂದಿದಂತೆ ಕಾಣುತ್ತದೆ. ಅಂಗಡಿಯಲ್ಲಿ ಸೇಲ್ಸ್‌ನವರು ಗಸಗಸ ಉಜ್ಜಿ "ನೋಡಿ, ಎಷ್ಟು ಚೆನ್ನಾಗಿ ಸೇರ್ಕೊಂಡ್ತು" ಅನ್ನುವುದರ ಗುಟ್ಟೂ ಅದೇ. ಟೆಸ್ಟರ್ ಬಾಟಲಿಯಿಂದ ತೆಗೆದುಕೊಳ್ಳುವಾಗ ಹೊಸ ಇಯರ್ ಬಡ್ ಬಳಸಿ. ಸಾಧ್ಯವಾದರೆ ಪುಟ್ಟ ತೊಳೆದ ಡಬ್ಬಿಗಳಲ್ಲಿ ಎರಡೆರಡು ಹನಿ ಹಾಕಿಸಿಕೊಂಡು, ಮೇಲೆ ನಂಬರು ಬರೆದು ಮನೆಗೆ ತನ್ನಿ. ಪರಿಚಯದ ಫ್ಯಾನ್ಸಿ ಸ್ಟೋರ್‌ನವರು ಇದಕ್ಕೆ ಇಲ್ಲ ಎನ್ನುವುದು ಅಪರೂಪ.

ನೋಡುವುದು ಎರಡು ಸಲ, ಮೊದಲು ಗಾಢತೆ, ಆಮೇಲೆ ಛಾಯೆ. ಗಾಢತೆಗೆ ಕಣ್ಣನ್ನು ಅರ್ಧ ಮುಚ್ಚಿ ಕನ್ನಡಿ ನೋಡಿ. ಬಣ್ಣಗಳು ಮಸುಕಾಗಿ ತಿಳಿ-ದಟ್ಟದ ವ್ಯತ್ಯಾಸ ಮಾತ್ರ ಉಳಿಯುತ್ತದೆ. ಕಣ್ಣಿಗೆ ಅಭ್ಯಾಸವಿಲ್ಲದಿದ್ದರೆ ಫೋನಿನಲ್ಲಿ ಫೋಟೋ ತೆಗೆದು ಕಪ್ಪು-ಬಿಳುಪಿಗೆ ತಿರುಗಿಸಿ. ಬ್ಯೂಟಿ ಮೋಡ್ ಮುಖವನ್ನು ತಾನೇ ತಿಳಿ ಮಾಡಿಬಿಡುತ್ತದೆ, ಅದನ್ನು ಮರೆಯದೆ ಆಫ್ ಮಾಡಿ. ಕಪ್ಪು-ಬಿಳುಪಿನಲ್ಲಿ ಚರ್ಮಕ್ಕಿಂತ ಬೆಳ್ಳಗೆ ಕಾಣುವ ಗೆರೆಯನ್ನು ಅಲ್ಲಿಗೇ ಕೈಬಿಡಿ, ಅದರ ಅಂಡರ್‌ಟೋನ್ ಎಷ್ಟೇ ಸೊಗಸಾಗಿದ್ದರೂ ಸರಿ. ಉಳಿದವನ್ನು ಬಣ್ಣದಲ್ಲಿ ನೋಡಬೇಕು. ಇದಕ್ಕೆ ಫೋನಿಗಿಂತ ಕನ್ನಡಿ ಮೇಲು, ಏಕೆಂದರೆ ಕ್ಯಾಮೆರಾ ತನಗೆ ತೋಚಿದಂತೆ ಬಣ್ಣ ತಿದ್ದುತ್ತದೆ. ನಾಲ್ಕೈದು ಅಡಿ ದೂರದಲ್ಲಿ ಮನೆಯವರೊಬ್ಬರನ್ನು ನಿಲ್ಲಿಸಿ. "ಯಾವುದು ಚೆನ್ನಾಗಿದೆ" ಎಂದು ಕೇಳಬೇಡಿ, ತಿಳಿಯಾದದ್ದನ್ನೇ ತೋರಿಸುತ್ತಾರೆ. "ಯಾವ ಗೆರೆ ಕಾಣ್ತಾ ಇಲ್ಲ" ಎಂದು ಕೇಳಿ.

ಇದಾದ ಮೇಲೆ ಇಪ್ಪತ್ತೈದು ಮೂವತ್ತು ನಿಮಿಷ ಗೆರೆಗಳನ್ನು ಹಾಗೇ ಬಿಟ್ಟು ಮನೆಗೆಲಸ ಮಾಡಿಕೊಳ್ಳಿ. ಹಚ್ಚಿದಾಗ ಇದ್ದ ಬಣ್ಣ ಒಣಗಿದಾಗ ಇರುವುದಿಲ್ಲ. ಅದರಲ್ಲಿರುವ ಆವಿಯಾಗುವ ದ್ರವ ಹಾರಿ ಬಣ್ಣದ ಪುಡಿ ಒತ್ತೊತ್ತಾಗುತ್ತದೆ, ಮುಖದ ಎಣ್ಣೆಯನ್ನು ಹೀರಿ ಅದು ನೆನೆಯುತ್ತದೆ. ಒಣ ಕೆಮ್ಮಣ್ಣು ನೆನೆದಾಗ ದಟ್ಟವಾಗುವ ಹಾಗೇ ಇದೂ. "ಆಕ್ಸಿಡೈಸ್ ಆಯ್ತು" ಎಂದು ಎಲ್ಲರೂ ಹೇಳುವುದು ಹೆಚ್ಚಾಗಿ ಇದನ್ನೇ, ಐರನ್ ಆಕ್ಸೈಡ್ ಮೊದಲೇ ಆಕ್ಸೈಡ್ ಆಗಿಯೇ ಬಂದಿರುತ್ತದೆ. ಎಣ್ಣೆ ಚರ್ಮದವರಿಗೆ ಅರ್ಧ ಮೆಟ್ಟಿಲು ದಟ್ಟವಾಗುವುದು, ತುಸು ಕಿತ್ತಳೆಯಾಗುವುದು ಸಾಮಾನ್ಯ. ಅರ್ಧ ಗಂಟೆಯ ನಂತರ ಕಣ್ಮರೆಯಾದ ಗೆರೆಯೇ ನಿಮ್ಮ ಶೇಡ್, ಹಚ್ಚಿದ ಕ್ಷಣದಲ್ಲಿ ಕಣ್ಮರೆಯಾದದ್ದಲ್ಲ.

ನಿಮ್ಮ ಸಂಗತಿಯನ್ನೇ ಇಟ್ಟುಕೊಂಡು ಒಮ್ಮೆ ಮಾಡಿ ನೋಡೋಣ. ಮೊದಲ ಗೆರೆ ನಿಮ್ಮಲ್ಲಿರುವ ಬಾಟಲಿಯದು. ಎರಡನೆಯದು ಅದಕ್ಕಿಂತ ಒಂದೂವರೆ ಎರಡು ಮೆಟ್ಟಿಲು ದಟ್ಟವಾದ ನ್ಯೂಟ್ರಲ್, ಅಂದರೆ ಹಳದಿಗೂ ಗುಲಾಬಿಗೂ ವಾಲದ್ದು. ಮೂರನೆಯದು ಹೆಚ್ಚುಕಡಿಮೆ ಎರಡನೆಯದರಷ್ಟೇ ದಟ್ಟ, ಆದರೆ ಹೊಂಬಣ್ಣದ ಕಡೆಯದು, ಹೆಸರಿನಲ್ಲಿ ಗೋಲ್ಡನ್, ಹನಿ, ಕ್ಯಾರಮೆಲ್ ಎಂದೇನಾದರೂ ಇರುತ್ತದೆ. ಕಪ್ಪು-ಬಿಳುಪು ಫೋಟೋದಲ್ಲಿ ಮೊದಲನೆಯದು ಪಟ್ಟಿ ಹೊಡೆದಂತೆ ಬೆಳ್ಳಗೆ ಕಾಣುತ್ತದೆ, ಬೂದಿಯ ಕಾರಣ ಅಲ್ಲೇ ಸಿಕ್ಕಿತು. ಎರಡು ಮತ್ತು ಮೂರು ಚರ್ಮದ ಜೊತೆ ಸೇರಿಕೊಳ್ಳುತ್ತವೆ. ಇನ್ನು ಬಣ್ಣದಲ್ಲಿ ನೋಡಿದರೆ ಎರಡನೆಯದರ ಅಂಚಿನಲ್ಲಿ ನೇರಳೆ ಹಣ್ಣಿನ ರಸ ಒಣಗಿದಂಥ ತೆಳು ಕಂದುನೇರಳೆ ಕಾಣುತ್ತದೆ. ಗಾಢತೆ ಸರಿ, ಹಳದಿ ಸಾಲದು ಎಂದು ಅದರ ಅರ್ಥ. ಮೂರನೆಯದು ಹಚ್ಚಿದಾಗ ಕಾಣಿಸಲೇ ಇಲ್ಲ, ಆದರೆ ಅರ್ಧ ಗಂಟೆಯ ನಂತರ ಕೆಳ ಅಂಚು ಸ್ವಲ್ಪ ಇಟ್ಟಿಗೆ ಬಣ್ಣಕ್ಕೆ ತಿರುಗಿದೆ. ಅಂದರೆ ಒಣಗಿದ ಮೇಲೆ ಅದು ನಿಮಗೆ ಅರ್ಧ ಮೆಟ್ಟಿಲು ಹೆಚ್ಚಾಯಿತು. ನಿಮ್ಮ ಬಣ್ಣ ಒಂದಕ್ಕೂ ಮೂರಕ್ಕೂ ನಡುವೆ, ಮೂರಕ್ಕೆ ಹತ್ತಿರದಲ್ಲಿದೆ.

ಹಳೆಯ ಬಾಟಲಿ ಉಪಯೋಗಕ್ಕೆ ಬರುವುದು ಇಲ್ಲಿ. ಮೂರನೆಯ ಶೇಡನ್ನು ಕೊಂಡು, ಒಂದು ಬಿಳಿ ಪಿಂಗಾಣಿ ತಟ್ಟೆಯ ಮೇಲೆ ಹಳೆಯದು ಒಂದು ಹನಿ, ಹೊಸದು ಎರಡು ಹನಿ ಬೆರೆಸಿ ಮತ್ತೆ ಗೆರೆ ಎಳೆಯಿರಿ. ಪಕ್ಕದಲ್ಲಿ ಒಂದಕ್ಕೆ ಮೂರರ ಗೆರೆಯೂ ಇರಲಿ. ಅರ್ಧ ಗಂಟೆಯ ನಂತರ ಯಾವುದು ಮಾಯವಾಯಿತೋ ಆ ಲೆಕ್ಕವನ್ನು ಬಾಟಲಿಗೆ ಚೀಟಿ ಅಂಟಿಸಿ ಬರೆದಿಡಿ. ಬೆರೆಸುವುದು ಆಯಾ ಸಲಕ್ಕೆ ಬೇಕಾದಷ್ಟು ಮಾತ್ರ, ಒಂದರ ಬಾಟಲಿಗೆ ಇನ್ನೊಂದನ್ನು ಸುರಿಯಬೇಡಿ. ಎರಡರ ಪಾಕವೂ ಒಂದೇ ಜಾತಿಯದಾಗಿರಬೇಕು. ಪದಾರ್ಥಗಳ ಪಟ್ಟಿಯ ಮೊದಲ ಮೂರು ನಾಲ್ಕು ಹೆಸರುಗಳಲ್ಲಿ ಡೈಮೆಥಿಕೋನ್ ಅಥವಾ ಸಿಲೋಕ್ಸೇನ್ ಎಂದು ಮುಗಿಯುವ ಹೆಸರು ಎರಡರಲ್ಲೂ ಇದ್ದರೆ ಸಾಮಾನ್ಯವಾಗಿ ಹೊಂದಿಕೊಳ್ಳುತ್ತವೆ. ಅನುಮಾನವಿದ್ದರೆ ಬೆರೆಸಿ ಐದು ನಿಮಿಷ ತಟ್ಟೆಯಲ್ಲೇ ಬಿಡಿ. ಒಡೆದ ಹಾಲಿನಂತೆ ಕಾಳು ಕಾಳಾದರೆ ಆ ಜೋಡಿ ಬೇಡ, ಮುಖದ ಮೇಲೂ ಹಾಗೇ ಉಂಡೆಗಟ್ಟುತ್ತದೆ.

ಹಳೆಯದಕ್ಕೆ ಬರಿ ಹಳದಿ ಮಿಕ್ಸರ್, ಅಂದರೆ ಫೌಂಡೇಶನ್‌ಗೆ ಬೆರೆಸಲೆಂದೇ ಇರುವ ಬಣ್ಣದ ಹನಿ ಸೇರಿಸಿ ಸರಿಮಾಡಬಹುದೇ ಎಂದು ಕೇಳುವವರಿದ್ದಾರೆ. ನಿಮ್ಮ ವಿಷಯದಲ್ಲಿ ಆಗದು. ಗಾಢತೆ ಕಡಿಮೆ ಇರುವಾಗ ಹಳದಿ ಮಾತ್ರ ಸೇರಿಸಿದರೆ ಬೂದಿ ಹೋಗಿ ಕಡಲೆಹಿಟ್ಟು ಮೆತ್ತಿದಂತಾಗುತ್ತದೆ. ಹಳದಿ ಹನಿ ಕೆಲಸಕ್ಕೆ ಬರುವುದು ಮೇಲಿನ ಎರಡನೆಯ ಗೆರೆಯಂಥದ್ದಕ್ಕೆ, ಗಾಢತೆ ಸರಿಯಿದ್ದು ಛಾಯೆ ಮಾತ್ರ ತಪ್ಪಿದಾಗ. ಹಾಗೆಯೇ ಕಿತ್ತಳೆಯಾಗಿ ಕಾಣುವ ಶೇಡಿಗೆ ಬಿಳಿ ಹನಿ ಹಾಕಬೇಡಿ, ತಿಳಿಯಾಗಿ ಮತ್ತೆ ಬೂದಿಗೇ ಬಂದು ನಿಲ್ಲುತ್ತದೆ. ಅಲ್ಲಿಗೆ ಬೇಕಾದದ್ದು ನೀಲಿ ಮಿಕ್ಸರ್, ಕಡ್ಡಿಯ ತುದಿಯಷ್ಟೇ. ನೀಲಿ ಕಿತ್ತಳೆಯನ್ನು ತಗ್ಗಿಸುತ್ತದೆ, ಸ್ವಲ್ಪ ಹೆಚ್ಚಾದರೂ ಹಸಿರು ಬೂದು ಬರುತ್ತದೆ.

ಇನ್ನೊಂದು ಪ್ರಶ್ನೆ ನೀವು ಕೇಳಿಲ್ಲ, ಆದರೆ ಕನ್ನಡಿ ಮುಂದೆ ನಿಂತಾಗ ಬಂದೇ ಬರುತ್ತದೆ. ಮುಖದಲ್ಲೇ ಒಂದು ಬಣ್ಣ ಇಲ್ಲವಲ್ಲ, ಯಾವುದಕ್ಕೆ ಹೊಂದಿಸುವುದು? ನಮ್ಮವರಲ್ಲಿ ಹಣೆಯ ಅಂಚು, ಬಾಯಿಯ ಸುತ್ತ, ಕಣ್ಣಿನ ಕೆಳಗೆ ಕೆನ್ನೆಗಿಂತ ಕಪ್ಪು. ಅಳತೆ ದವಡೆಯದೇ ಇರಲಿ. ಪೂರ್ತಿ ಮುಖಕ್ಕೆ ಹಚ್ಚಿದ ಮೇಲೆ ಬೂದಿ ಎಲ್ಲಿ ಕಾಣುತ್ತದೆ ಎಂಬುದನ್ನು ಗಮನಿಸಿ. ಎಲ್ಲ ಕಡೆ ಕಂಡರೆ ಶೇಡ್ ತಪ್ಪು. ಕೆನ್ನೆ ಚೆನ್ನಾಗಿದ್ದು ಬಾಯಿಯ ಸುತ್ತ, ಕಣ್ಣಿನ ಕೆಳಗೆ ಮಾತ್ರ ಬೂದಿಯಾದರೆ ಶೇಡ್ ಸರಿಯೇ ಇದೆ, ಅಲ್ಲಿ ಫೌಂಡೇಶನ್ ಕೆಳಗೆ ಕರೆಕ್ಟರ್, ಅಂದರೆ ಕಪ್ಪನ್ನು ತಗ್ಗಿಸುವ ಬಣ್ಣದ ಕ್ರೀಮು ಬೇಕು. ಮಧ್ಯಮ ಬಣ್ಣಕ್ಕೆ ಪೀಚ್, ನಿಮ್ಮಂಥ ಎಣ್ಣೆಗೆಂಪಿಗೆ ಕಿತ್ತಳೆ. ಅಕ್ಕಿಕಾಳಿನಷ್ಟು ತೆಗೆದು ಕಪ್ಪಾದ ಜಾಗಕ್ಕೆ ಮಾತ್ರ ತಟ್ಟಿ, ಕಿತ್ತಳೆ ಎಂದು ಎದ್ದು ಕಾಣದಷ್ಟು ತೆಳುವಾಗಲಿ, ಆಮೇಲೆ ಫೌಂಡೇಶನ್. ಇದು ಗೊತ್ತಿಲ್ಲದೆ ಬಾಯಿಯ ಸುತ್ತಲಿನ ಕಪ್ಪು ಮುಚ್ಚಲು ಇನ್ನೂ ತಿಳಿ ಶೇಡನ್ನು ಪದರ ಪದರವಾಗಿ ಮೆತ್ತುವುದೇ ಪಾರ್ಲರ್‌ಗಳಲ್ಲಿ ಹೆಚ್ಚಾಗಿ ಕಾಣುವ ತಪ್ಪು.

ಮುಖಕ್ಕಿಂತ ಕತ್ತು ತಿಳಿಯಾಗಿದ್ದರೆ ಮುಖವನ್ನು ಕತ್ತಿನ ಮಟ್ಟಕ್ಕೆ ತರಲು ಹೋಗಬೇಡಿ, ಮತ್ತೆ ಬೂದಿ. ಮುಖಕ್ಕೆ ಹತ್ತಿರವಾದ ಶೇಡನ್ನೇ ಹಿಡಿದು, ಸ್ಪಂಜಿನಲ್ಲಿ ಉಳಿದದ್ದನ್ನು ಕತ್ತಿಗೂ ರವಿಕೆಯ ಅಂಚಿನವರೆಗೂ ತೆಳ್ಳಗೆ ಎಳೆದರೆ ಸಾಕು. ಕತ್ತಿನ ಮಡಿಕೆಗಳು ಮಾತ್ರ ದಪ್ಪಗೆ, ಮಖಮಲ್ಲಿನಂತೆ ಕಪ್ಪಾಗಿದ್ದರೆ ಅದನ್ನು ಅಳತೆಗೆ ತೆಗೆದುಕೊಳ್ಳಲೇಬೇಡಿ. ಇನ್ಸುಲಿನ್ ಏರುಪೇರಿನಿಂದಲೂ ಹಾಗಾಗುತ್ತದೆ, ಚರ್ಮದ ಡಾಕ್ಟರಿಗೆ ಒಮ್ಮೆ ತೋರಿಸಿ.

ಶೇಡ್ ಸರಿಯಾದ ಮೇಲೂ ಕೊನೆಯಲ್ಲಿ ಕೆಡಿಸುವುದು ಪೌಡರ್. ಬಿಳಿ ಬಣ್ಣದ "ಟ್ರಾನ್ಸ್‌ಲೂಸೆಂಟ್" ಪುಡಿ ತಿಳಿ ಚರ್ಮದ ಮೇಲೆ ಕಾಣುವುದಿಲ್ಲ, ದಟ್ಟ ಚರ್ಮದ ಮೇಲೆ ಅದು ವಿಭೂತಿಯೇ. ಸಿಲಿಕಾ ಹೆಚ್ಚಿರುವ ಪುಡಿಯಾದರೆ ಕಣ್ಣಿಗೆ ಕಾಣದಿದ್ದರೂ ಫ್ಲ್ಯಾಶ್ ಹೊಡೆದಾಗ ಬಿಳಿ ಮಚ್ಚೆಯಾಗಿ ಫೋಟೋದಲ್ಲಿ ಉಳಿದುಬಿಡುತ್ತದೆ. ನಿಮ್ಮ ಶೇಡಿನದೇ ಬಣ್ಣದ ಪೌಡರ್ ತೆಗೆದುಕೊಂಡು ಹಣೆ, ಮೂಗು, ಗಲ್ಲಕ್ಕೆ ಮಾತ್ರ ಒತ್ತಿ. ಹಿಂದಿನ ದಿನವೇ ಕತ್ತಲೆ ಕೋಣೆಯಲ್ಲಿ ಫೋನಿನ ಫ್ಲ್ಯಾಶ್ ಹಾಕಿ ಒಂದು ಫೋಟೋ ತೆಗೆದು ನೋಡಿ.

ದಿನದ ಲೆಕ್ಕಕ್ಕೆ ಬರೋಣ. ಮದುವೆಗೆ ಹತ್ತು ದಿನ ಮುಂಚೆ ಈ ಪರೀಕ್ಷೆ ಮುಗಿಸಿ. ಅದಕ್ಕಿಂತ ಬೇಗ ಮಾಡಿದರೆ, ಪತ್ರಿಕೆ ಹಂಚಲು ಬಿಸಿಲಲ್ಲಿ ಊರೂರು ಸುತ್ತಿ ಮೈಬಣ್ಣವೇ ಬದಲಾಗಿರುತ್ತದೆ. ಫೇಶಿಯಲ್, ಥ್ರೆಡಿಂಗ್ ಆದ ದಿನ ಮುಖ ಕೆಂಪಾಗಿರುತ್ತದೆ, ಆವತ್ತು ಶೇಡ್ ನೋಡಬೇಡಿ. ಶೇಡ್ ಗೊತ್ತು ಮಾಡಿದ ಮೇಲೆ ಬ್ಲೀಚ್ ಮಾಡಿಸಬೇಡಿ, ಮುಖದ ಕೂದಲು ಹೊಂಬಣ್ಣಕ್ಕೆ ತಿರುಗಿ ಹೊಂದಿದ್ದೂ ಹೊಂದದಂತಾಗುತ್ತದೆ. ಮೊದಲ ಸಲ ಬಳಸುವ ಕಂಪನಿಯದಾದರೆ ಕಿವಿಯ ಹಿಂದೆ ಒಂದು ಹನಿ ಹಚ್ಚಿ ಒಂದು ದಿನ ಬಿಟ್ಟು ನೋಡಿ.

ಅರಿಶಿನ ಶಾಸ್ತ್ರದ್ದು ಬೇರೆಯೇ ಕಥೆ. ಮದುಮಗಳಿಗೆ ಹಚ್ಚುವ ಅರಿಶಿನ ಅಕ್ಕನ ಕೆನ್ನೆಗೂ ಬಂದೇ ಬರುತ್ತದೆ. ಅದರ ಹಳದಿ ಎರಡು ಮೂರು ದಿನ ಚರ್ಮದಲ್ಲಿ ನಿಲ್ಲುತ್ತದೆ, ಆ ಅವಧಿಯಲ್ಲಿ ಶೇಡ್ ನೋಡಿದರೆ ಎಲ್ಲರೂ ಹೊಂಬಣ್ಣವೇ. ಶಾಸ್ತ್ರದ ಮರುದಿನವೇ ಮುಹೂರ್ತವಾದರೆ ರಾತ್ರಿಯೇ ಮುಖ, ಕತ್ತಿಗೆ ಕೊಬ್ಬರಿ ಎಣ್ಣೆ ಹಚ್ಚಿ ಐದು ನಿಮಿಷ ತಿಕ್ಕಿ, ಹತ್ತಿಯಿಂದ ಒರೆಸಿ, ಆಮೇಲೆ ಫೇಸ್‌ವಾಶ್ ಹಾಕಿ. ಅರಿಶಿನದ ಬಣ್ಣ ನೀರಿಗಿಂತ ಎಣ್ಣೆಯಲ್ಲಿ ಚೆನ್ನಾಗಿ ಕರಗುತ್ತದೆ, ಬರಿ ಸೋಪಿನಿಂದ ಉಜ್ಜಿದರೆ ಚರ್ಮ ಕೆಂಪಾಗುವುದಷ್ಟೇ ಲಾಭ. ಬೆಳಿಗ್ಗೆ ಇನ್ನೂ ತುಸು ಹಳದಿ ಉಳಿದಿದ್ದರೆ ಶೇಡ್ ಬದಲಿಸಬೇಡಿ. ಮುಖದಷ್ಟೇ ಕತ್ತಿಗೂ ಫೌಂಡೇಶನ್ ಎಳೆದುಕೊಳ್ಳಿ, ಎರಡೂ ಒಂದೇ ಆಗುತ್ತವೆ.

ಮುಹೂರ್ತ ಬೆಳಿಗ್ಗೆ, ಆರತಕ್ಷತೆ ರಾತ್ರಿ ವಿಡಿಯೋ ಲೈಟಿನಲ್ಲಿ. ಎರಡಕ್ಕೂ ಒಂದೇ ಶೇಡ್, ಹಗಲಲ್ಲಿ ಹೊಂದಿಸಿದ್ದೇ. ಎಲ್ಇಡಿ ಕೆಳಗೆ ಮುಖ ಮಂಕಾಗಿ ಕಂಡರೆ ಕೊರತೆ ಇರುವುದು ಕೆಂಪಿನದು, ಆದ್ದರಿಂದ ಇಟ್ಟಿಗೆಗೆಂಪು ಅಥವಾ ತಾಮ್ರದ ಬ್ಲಶ್ ಒಂದು ಕೈ ಹೆಚ್ಚು ಹಾಕಿ. "ಫೋಟೋಗೆ ಎರಡು ಶೇಡ್ ಲೈಟ್ ಮಾಡ್ತೀನಿ" ಎಂದು ಯಾರಾದರೂ ಹೇಳಿದರೆ ಬೇಡ ಎನ್ನಿ. ತಂಗಿಗೆ ಪಾರ್ಲರ್‌ನವರು ಟ್ರಯಲ್ ಮಾಡುವ ದಿನ ಜೊತೆಗೆ ಹೋಗಿ, ಅರ್ಧ ಗಂಟೆಯ ನಂತರ ಅವಳನ್ನು ಅಂಗಡಿ ಬಾಗಿಲಿನ ನೆರಳಿಗೆ ಕರೆತಂದು, ಕೊರಳಿಗೆ ಬಿಳಿ ಟವೆಲ್ ಹೊದಿಸಿ ದವಡೆಯನ್ನು ನೀವೇ ನೋಡಿ.